ಎಪ್ಪತ್ತು ಸಾವಿರದ ಸಂಬಳ, ಹದಿನೆಂಟು ಸಾವಿರದ ಬಡ್ಡಿ

ವಿಜಯಪುರದ ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನಾನು, ಸಹೋದ್ಯೋಗಿಗಳು ತಮ್ಮ ಆದಾಯ ತೆರಿಗೆ ರಿಟರ್ನ್ಸ್‌ ತಾವೇ ಸಲ್ಲಿಸಿಕೊಳ್ಳಲಿ ಎಂದು 2024-25ರ ಆದಾಯಕ್ಕೆ ಸಂಬಂಧಿಸಿದ ವಿಡಿಯೊ ಒಂದಕ್ಕೆ ಸ್ಕ್ರಿಪ್ಟ್‌ ಬರೆದೆ. ಮುಂದಿನ ವರ್ಷ ತೆರಿಗೆಯ ಹಂತಗಳು ಬದಲಾಗಿರುವುದರಿಂದ ಪ್ರತಿ ದೃಶ್ಯದ ಮೂಲೆಯಲ್ಲಿಯೂ ವರ್ಷವನ್ನು ಬರೆಸಿದ್ದೇನೆ.

ಮಾದರಿಗೆ ತಿಂಗಳಿಗೆ 70,000 ರೂಪಾಯಿ, ಅಂದರೆ ವರ್ಷಕ್ಕೆ 8,40,000 ರೂಪಾಯಿಯ ಒಂದೇ ಸಂಬಳವನ್ನು ಆರಿಸಿಕೊಂಡೆ. ಮೊದಲ ಕರಡನ್ನು ನೋಡಿದ ಉಪನ್ಯಾಸಕಿಯೊಬ್ಬರು, "ಸರ, ನನ್ನ ಅಕೌಂಟಿಗೆ ಬರೂದು ಅರವತ್ತೇಳೂವರೆ ಸಾವಿರ, ಇಲ್ಲಿ ಎಪ್ಪತ್ತು ಯಾಕ್ರೀ?" ಎಂದು ಕೇಳಿದರು. ವೃತ್ತಿ ತೆರಿಗೆಯ 200 ರೂಪಾಯಿ ಮತ್ತು ಟಿಡಿಎಸ್‌ ಕಡಿತವಾದ ನಂತರ ಜಮೆಯಾಗುವ ಮೊತ್ತವನ್ನೇ ಅವರು ಸಂಬಳವೆಂದು ಭಾವಿಸಿದ್ದರು. ಆದ್ದರಿಂದ ಈಗ ವಿಡಿಯೊ ಸಂಬಳದ ಚೀಟಿಯಿಂದ ಆರಂಭವಾಗುತ್ತದೆ. ಅದರ ಒಟ್ಟು ಮೊತ್ತದ ಸುತ್ತ ಹಳದಿ ಚೌಕಟ್ಟು ಮೂಡಿ, ಅದೇ ಚೌಕಟ್ಟು ಜಾರಿಕೊಂಡು ಸಂಸ್ಥೆ ಕೊಡುವ ತೆರಿಗೆ ಪ್ರಮಾಣಪತ್ರವಾದ ಫಾರ್ಮ್‌ 16ರ ಭಾಗ ಬಿ ಯಲ್ಲಿರುವ 17(1)ರ ಸಂಬಳದ ಸಾಲಿಗೂ, ಅಲ್ಲಿಂದ ರಿಟರ್ನ್ಸ್‌ ನಮೂನೆಯಾದ ITR-1ರ "Gross Total Income" ವಿಭಾಗಕ್ಕೂ ಹೋಗುತ್ತದೆ. ಒಮ್ಮೆಗೆ ಒಂದೇ ಚೌಕಟ್ಟು ಎಂಬ ನಿಯಮವನ್ನು ನಾನು ಕೊನೆಯವರೆಗೂ ಬಿಟ್ಟಿಲ್ಲ, ಏಕೆಂದರೆ ಮೊದಲ ಕರಡಿನಲ್ಲಿ ನಾಲ್ಕನ್ನು ಒಟ್ಟಿಗೆ ತೋರಿಸಿದಾಗ ಯಾವ ಅಂಕಿ ಎಲ್ಲಿಂದ ಬಂತೆಂಬುದು ಯಾರಿಗೂ ತಿಳಿಯಲಿಲ್ಲ.

ಹೊಸ ತೆರಿಗೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್‌ ಡಿಡಕ್ಷನ್‌ 75,000 ರೂಪಾಯಿ ಕಳೆದರೆ 7,65,000 ಉಳಿಯುತ್ತದೆ. ವೃತ್ತಿ ತೆರಿಗೆಯನ್ನು ಈ ಪದ್ಧತಿಯಲ್ಲಿ ಕಳೆಯಲು ಬರುವುದಿಲ್ಲ. ಮೊದಲ ಮೂರು ಲಕ್ಷಕ್ಕೆ ತೆರಿಗೆಯಿಲ್ಲ. ನಂತರದ ನಾಲ್ಕು ಲಕ್ಷಕ್ಕೆ ಶೇ 5ರಂತೆ 20,000, ಉಳಿದ 65,000ಕ್ಕೆ ಶೇ 10ರಂತೆ 6,500, ಅದರ ಮೇಲೆ ಶೇ 4ರ ಸೆಸ್‌ ಸೇರಿ 27,560 ರೂಪಾಯಿ. ಸಂಸ್ಥೆ ಕಡಿತ ಮಾಡಿದ್ದೂ ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ವಿಡಿಯೊ ಅರ್ಧ ಸತ್ಯ ಹೇಳಿದಂತಾಗುತ್ತಿತ್ತು. ಮಾದರಿ ನೌಕರರಿಗೆ ಬ್ಯಾಂಕಿನ ಠೇವಣಿಯಿಂದ 18,000 ರೂಪಾಯಿ ಬಡ್ಡಿಯೂ ಬಂದಿದೆ ಎಂದಿಟ್ಟುಕೊಂಡೆ. ಆ ವರ್ಷದ 40,000 ರೂಪಾಯಿಯ ಮಿತಿಯೊಳಗಿರುವುದರಿಂದ ಬ್ಯಾಂಕು ಟಿಡಿಎಸ್‌ ಮಾಡುವುದಿಲ್ಲ, ಸಂಸ್ಥೆಗೆ ತಿಳಿಸದ ಕಾರಣ ಫಾರ್ಮ್‌ 16ರಲ್ಲಿಯೂ ಅದು ಕಾಣುವುದಿಲ್ಲ. ಆದರೆ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಸಿಗುವ ವಾರ್ಷಿಕ ಮಾಹಿತಿ ಪಟ್ಟಿಯಾದ AIS ತೆರೆದರೆ ಅಲ್ಲಿ ಕಾಣುತ್ತದೆ. ಹೀಗಾಗಿ ಪರದೆಯನ್ನು ಎರಡಾಗಿ ಸೀಳಿ, ಎಡಕ್ಕೆ ಫಾರ್ಮ್‌ 16, ಬಲಕ್ಕೆ AIS ಇಟ್ಟು, ಬಡ್ಡಿಯ ಸಾಲಿಗೆ ಮಾತ್ರ ಕೆಂಪು ಚೌಕಟ್ಟು ಹಾಕಿ, ನಾಲ್ಕು ಸೆಕೆಂಡು ಮಾತಿಲ್ಲದೆ ಬಿಟ್ಟಿದ್ದೇನೆ. ನೋಡುವವರು ತಮ್ಮ ಠೇವಣಿಯನ್ನು ನೆನಪಿಸಿಕೊಳ್ಳಲು ಅಷ್ಟು ಸಮಯ ಬೇಕು.

ಬಡ್ಡಿ ಸೇರಿದಾಗ ತೆರಿಗೆ 29,432 ಆಗಿ, ಕೊಡಬೇಕಾದದ್ದು 1,872 ಉಳಿಯುತ್ತದೆ. ಹತ್ತಕ್ಕೆ ಸರಿಹೊಂದಿಸುವುದರಿಂದ ಪೋರ್ಟಲ್‌ 1,870 ಎಂದು ತೋರಿಸುತ್ತದೆ. ಎರಡು ರೂಪಾಯಿ ಎಲ್ಲಿ ಹೋಯಿತೆಂದು ಗಾಬರಿಯಾಗದಿರಲೆಂದು ಇದನ್ನೂ ಒಂದು ವಾಕ್ಯದಲ್ಲಿ ಹೇಳಿಸಿದೆ. ಹಣ ಕಟ್ಟಿದ ಮೇಲೆ ಚಲನ್‌ "Tax Paid" ವಿಭಾಗದಲ್ಲಿ ಬಂದಿದೆಯೇ ಎಂದು ನೋಡುವುದನ್ನೂ, ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫೈ ಮಾಡುವುದನ್ನೂ ಕೊನೆಯ ಎರಡು ಚೌಕಟ್ಟುಗಳು ತೋರಿಸುತ್ತವೆ.