ಹೆದೆ ಎಳೆಯೋಕೆ ಹೆಬ್ಬೆರಳೋ, ಮೂರು ಬೆರಳೋ?

ದ್ರೋಣ ಏಕಲವ್ಯನ ಬಲಗೈ ಹೆಬ್ಬೆರಳನ್ನೇ ಯಾಕೆ ಕೇಳಿದ? ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರರನ್ನು ನೋಡಿದವರಿಗೆ ಇದು ಒಗಟೇ ಸರಿ. ಅವರ ಹೆಬ್ಬೆರಳು ಹೆದೆಯನ್ನು ಮುಟ್ಟುವುದೇ ಇಲ್ಲ, ಸುಮ್ನೆ ಅಂಗೈ ಕಡೆ ಮಡಚಿಕೊಂಡಿರುತ್ತದೆ. ಉತ್ತರ ಮಹಾಭಾರತದಲ್ಲೇ ಇದೆ. ಹೆಬ್ಬೆರಳು ಕೊಟ್ಟ ಮೇಲೆ ಏಕಲವ್ಯ ಉಳಿದ ಬೆರಳುಗಳಲ್ಲಿ ಹೆದೆ ಎಳೆದ, ಆದರೆ ಮೊದಲಿನ ವೇಗ ಬರಲಿಲ್ಲ ಅನ್ನುತ್ತದೆ ಅಲ್ಲಿ. ಅಂದರೆ ಆ ಕಥೆ ಹೇಳಿದವರಿಗೆ ಎರಡೂ ಹಿಡಿತ ಗೊತ್ತಿತ್ತು, ಯಾವುದರಿಂದ ಏನು ಕಳೆದುಹೋಗುತ್ತದೆ ಅನ್ನುವುದೂ ಗೊತ್ತಿತ್ತು.

ಎರಡನ್ನೂ ಮಾಡಿ ನೋಡೋಣ. ಇಲ್ಲಿ ಹೇಳುವುದೆಲ್ಲ ಬಲಗೈಯಲ್ಲಿ ಹೆದೆ ಎಳೆಯುವವರಿಗೆ. ಎಡಗೈಯವರು ಎಡ–ಬಲ ತಿರುಗಿಸಿಕೊಳ್ಳಿ. ಬಿಲ್ಲನ್ನು ಎಳೆಯಲು ಬೇಕಾದ ಬಲ 20 ಪೌಂಡ್‌ಗಿಂತ ಜಾಸ್ತಿ ಬೇಡ, ಬಾಣವಿಲ್ಲದೆ ಹೆದೆ ಎಳೆದು ಬಿಡಲೇಬೇಡಿ, ಬಿಲ್ಲು ಮುರಿಯಬಹುದು.

ಮೊದಲು ಮೂರು ಬೆರಳು. ಬಾಣವನ್ನು ಬಿಲ್ಲಿನ ಎಡಗಡೆ ಇಡಿ. ತೋರುಬೆರಳು ಬಾಣದ ಮೇಲೆ, ಮುಂದಿನ ಎರಡು ಬೆರಳು ಕೆಳಗೆ. ಹೆದೆ ಬೆರಳಿನ ಮೊದಲ ಗೆಣ್ಣಿನ ಹತ್ತಿರ ಕೂರಬೇಕು, ತುದಿಯಲ್ಲಲ್ಲ. ಬೆರಳಿಗೆ ಚರ್ಮದ ಟ್ಯಾಬ್ ಇರಲಿ. ಗದ್ದದವರೆಗೆ ಎಳೆದು ಬೆರಳನ್ನು ಸಡಿಲ ಬಿಡಿ. ಬಿಡಿಸಬೇಡಿ, ಹೆದೆಯೇ ದಾರಿ ಮಾಡಿಕೊಂಡು ಹೋಗುತ್ತದೆ. ಎಳೆಯುವಾಗಲೇ ಬಾಣ ಎಡಕ್ಕೆ ಜಾರಿ ಬಿದ್ದರೆ ನೀವು ಬಾಣವನ್ನು ಬೆರಳ ನಡುವೆ ಚಿವುಟುತ್ತಿದ್ದೀರಿ ಎಂದೇ ಅರ್ಥ.

ಈಗ ಹೆಬ್ಬೆರಳು. ಇಲ್ಲಿ ಬಾಣ ಬಿಲ್ಲಿನ ಬಲಗಡೆ. ಹೆದೆ ಚರ್ಮ ಕೊಯ್ಯದಂತೆ ಹೆಬ್ಬೆರಳಿಗೆ ಉಂಗುರ ಹಾಕುತ್ತಾರೆ. ಟರ್ಕಿ, ಪರ್ಷಿಯಾ, ಮೊಘಲರ ಕಡೆಯ ಉಂಗುರಕ್ಕೆ ಒಂದು ಪಕ್ಕದಲ್ಲಿ ನಾಲಿಗೆಯಂತೆ ಚಾಚಿದ ಭಾಗ ಇರುತ್ತದೆ. ಷಹಜಹಾನನ ಜೇಡ್ ಕಲ್ಲಿನ ಇಂಥ ಉಂಗುರ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಉಂಗುರದ ತೂತು ದುಂಡಗಿರುವುದಿಲ್ಲ, ಮೊಟ್ಟೆಯಾಕಾರ. ಹಾಗಾಗಿ ಅಡ್ಡ ಹಿಡಿದು ಗೆಣ್ಣು ದಾಟಿಸಿ, ಆಮೇಲೆ ತಿರುಗಿಸಿ, ನಾಲಿಗೆ ಹೆಬ್ಬೆರಳಿನ ಒಳಮೈ ಮೇಲೆ ಬರುವಂತೆ ಕೂರಿಸಿ. ಕೈ ಕೊಡವಿದರೆ ಬೀಳಬಾರದು. ಸಡಿಲವಾದರೆ ಬಾಣದ ಜೊತೆ ಉಂಗುರವೂ ಹಾರುತ್ತದೆ. ನನ್ನ ಮೊದಲ ಉಂಗುರ ಹಾಗೇ ಹಾರಿ ಪೊದೆಯಲ್ಲಿ ಕಳೆದುಹೋಯಿತು!

ಹೆಬ್ಬೆರಳನ್ನು ಬಾಣದ ಕೆಳಗೆ ಹೆದೆಗೆ ಕೊಕ್ಕೆಯಂತೆ ಹಾಕಿ, ತೋರುಬೆರಳಿಂದ ಅದರ ಉಗುರನ್ನು ಮೇಲಿನಿಂದ ಮುಚ್ಚಿ. ಉಳಿದ ಬೆರಳು ಮುಷ್ಟಿಯೊಳಗೆ. ತೋರುಬೆರಳಿನ ಬುಡದ ಪಕ್ಕ ಬಾಣಕ್ಕೆ ಮೆಲ್ಲಗೆ ಒತ್ತುತ್ತಿರಬೇಕು. ಬಾಣ ಬಿಲ್ಲಿಗೆ ಅಂಟಿಕೊಂಡಿರುವುದು ಆ ಒತ್ತಡದಿಂದಲೇ. ಕೆನ್ನೆ ದಾಟಿಸಿ ಕಿವಿಯವರೆಗೂ ಎಳೆಯಬಹುದು. ಬಿಡುವಾಗ ತೋರುಬೆರಳು ಸಡಿಲಿಸಿದರೆ ಸಾಕು, ಹೆದೆ ಉಂಗುರದ ಮೇಲೆ ಜಾರುತ್ತದೆ. ಉಂಗುರವಿದ್ದೂ ಹೆಬ್ಬೆರಳು ನೋಯುತ್ತಿದ್ದರೆ ಹೆದೆ ನಾಲಿಗೆ ಬಿಟ್ಟು ಚರ್ಮದ ಮೇಲೆ ಕೂತಿದೆಯಾ ನೋಡಿ.

ಯಾರು ಯಾಕೆ ಯಾವುದನ್ನು ಹಿಡಿದರು? ಬಿಲ್ಲಿನ ಉದ್ದ ನೋಡಿ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಮರದ ಬಿಲ್ಲುಗಳು ಸುಮಾರು 2 ಮೀಟರ್ ಉದ್ದ. ಅಂಥದನ್ನು ಪೂರ್ತಿ ಎಳೆದರೂ ಹೆದೆ ಅಗಲವಾದ ಕೋನದಲ್ಲೇ ಇರುತ್ತದೆ, ಮೂರು ಬೆರಳಿಗೆ ಜಾಗವಿದೆ, ಭಾರವೂ ಹಂಚಿಹೋಗುತ್ತದೆ. ಕೊಂಬು, ಮರ, ಪ್ರಾಣಿಗಳ ಸ್ನಾಯುರಜ್ಜು ಸೇರಿಸಿ ಮಾಡಿದ ಟರ್ಕಿಯ ಗಿಡ್ಡ ಬಿಲ್ಲನ್ನು ಅಷ್ಟೇ ಎಳೆದರೆ ಹೆದೆ ಚೂಪಾಗಿ ಮಡಚಿ ಮೂರು ಬೆರಳನ್ನೂ ಹಿಂಡುತ್ತದೆ. ಹೆಬ್ಬೆರಳು ಹಿಡಿಯುವುದು ಒಂದೇ ಜಾಗದಲ್ಲಿ, ಹಿಂಡುವ ಮಾತೇ ಇಲ್ಲ. ಇನ್ನು ಕುದುರೆ ಕುಲುಕುವಾಗ ತೋರುಬೆರಳಿನ ಒತ್ತಡ ಬಾಣವನ್ನು ಬೀಳಲು ಬಿಡುವುದಿಲ್ಲ. ಬಾಣ ಬಲಗಡೆಯೇ ಇರುವುದರಿಂದ ಬತ್ತಳಿಕೆಯಿಂದ ತೆಗೆದ ಕೈ ಬಿಲ್ಲನ್ನು ಸುತ್ತಿ ಬರಬೇಕಿಲ್ಲ, ನೇರ ಹೆದೆಗೇ ಬರುತ್ತದೆ. ಏಕಲವ್ಯ ಕಳೆದುಕೊಂಡ ವೇಗ ಇದೇ ಇರಬೇಕು ಅಂತ ನನ್ನ ಊಹೆ.

ಆದರೆ ಉದ್ದವೊಂದೇ ಕಾರಣ ಅಂದುಕೊಂಡರೆ ಜಪಾನ್ ಆ ಲೆಕ್ಕ ಕೆಡಿಸುತ್ತದೆ. ಅಲ್ಲಿನ ಯುಮಿ ಬಿಲ್ಲು 2 ಮೀಟರಿಗೂ ಉದ್ದ, ಆದರೂ ಎಳೆಯುವುದು ಹೆಬ್ಬೆರಳಲ್ಲೇ, ಉಂಗುರದ ಬದಲು ಗಟ್ಟಿ ಹೆಬ್ಬೆರಳಿನ ಚರ್ಮದ ಗವಸು ಹಾಕಿ. ಸಮುರಾಯಿಗಳೂ ಕುದುರೆ ಮೇಲಿನ ಬಿಲ್ಲುಗಾರರೇ, ಅಲ್ವಾ. ಕೊರಿಯಾ ಇನ್ನೂ ತಮಾಷೆ. ಹಳೆಯ ಪದ್ಧತಿಯವರು ಹೆಬ್ಬೆರಳಿಗೆ ಉಂಗುರ ಹಾಕಿ 145 ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ, ಅದೇ ದೇಶದ ಒಲಿಂಪಿಕ್ಸ್ ತಂಡ ಮೂರು ಬೆರಳಲ್ಲಿ 70 ಮೀಟರಿಗೆ.

ಇದನ್ನು ಓದಿ ಕ್ಲಬ್ಬಿನ ಬಿಲ್ಲಿಗೆ ಉಂಗುರ ಹಾಕಿ ಎಳೆಯಲು ಹೋಗಬೇಡಿ. ಅದರಲ್ಲಿ ಬಾಣ ಇಡುವ ಆಸರೆ ಎಡಗಡೆ ಇರುತ್ತದೆ, ನಿಮ್ಮ ತೋರುಬೆರಳು ಬಾಣವನ್ನು ಆಸರೆಯಿಂದ ಆಚೆಗೆ ತಳ್ಳಿಬಿಡುತ್ತದೆ. ಆಸರೆಯೇ ಇಲ್ಲದ, ಬಾಣ ಬಿಲ್ಲು ಹಿಡಿದ ಕೈಯ ಹೆಬ್ಬೆರಳಿನ ಮೇಲೆ ಕೂರುವ ಸಾದಾ ಬಿಲ್ಲು ಹುಡುಕಿ.