ಟೀಮ್‌ಮೇಟಿನ ಚುಚ್ಚುಮಾತು, ಮೌನ: ನಾನು ಮಾತಾಡಿದ ರೀತಿ

ಮೀಟಿಂಗಿನಲ್ಲಿ ನಾನು ಏನು ಹೇಳಿದರೂ ಒಬ್ಬರು "ಬಿಡಿ, ನಿಮಗೆ ಗೊತ್ತಿಲ್ಲದ್ದು ಏನಿದೆ" ಅನ್ನುತ್ತಿದ್ದರು, ಆಮೇಲೆ ನನ್ನ ಮೆಸೇಜ್ ಓದಿಯೂ ಉತ್ತರ ಕೊಡುತ್ತಿರಲಿಲ್ಲ. ಎಲ್ಲರೆದುರು ಕೇಳಿದರೆ "ಸುಮ್ನೆ ತಮಾಷೆಗೆ ಅಂದೆ" ಅಂತ ಜಾರಿಕೊಳ್ಳುವುದು ಸುಲಭ, ಅಲ್ವಾ? ಅದಕ್ಕೇ ಅವರೊಬ್ಬರನ್ನೇ ಕರೆದು, ಸ್ವಭಾವದ ಮಾತೆತ್ತದೆ, ನಡೆದದ್ದನ್ನಷ್ಟೇ ಹೇಳಿದೆ: "ಸೋಮವಾರ ಟೆಸ್ಟಿಂಗ್ ಬಗ್ಗೆ ಕೇಳಿದ್ದೆ, ಗುರುವಾರದವರೆಗೂ ಉತ್ತರ ಬರಲಿಲ್ಲ, ರಿಲೀಸ್ ನಿಂತಿದೆ. ನನ್ನಿಂದ ಬೇಜಾರಾಗಿದ್ದರೆ ನೇರವಾಗಿ ಹೇಳಿ." ಆಮೇಲೆ ಸುಮ್ಮನೆ ಕಾದೆ. ಆ ಹೊತ್ತಿನಲ್ಲಿ ನಾವೇ ಮಾತು ತುಂಬಿಸಬಾರದು.

ಕೊನೆಗೆ ಅವರು, ತಾವು ಮಾಡುತ್ತಿದ್ದ ಕೆಲಸವನ್ನು ಮ್ಯಾನೇಜರ್ ತಮ್ಮನ್ನು ಒಂದು ಮಾತೂ ಕೇಳದೆ ನನಗೆ ಕೊಟ್ಟದ್ದರಿಂದ ನೋವಾಗಿದೆ ಎಂದರು. ಇಬ್ಬರೂ ಮ್ಯಾನೇಜರ್ ಹತ್ತಿರ ಹೋಗಿ ಕೆಲಸ ಹಂಚಿಕೊಂಡೆವು. ಚುಚ್ಚುಮಾತು ಮತ್ತೊಮ್ಮೆ ಬಂದಾಗ, "ಈ ಪ್ಲಾನಿನಲ್ಲಿ ಏನು ಸರಿಯಿಲ್ಲ, ಹೇಳಿ" ಎಂದು ಮೆಲ್ಲಗೆ ಕೇಳಿದೆ. ಬಿಟ್ಟುಹೋಗಿದ್ದ ಒಂದು ಟೆಸ್ಟ್ ಕೇಸನ್ನು ಅವರೇ ತೋರಿಸಿಕೊಟ್ಟರು.