ಬಿಲ್ ಕಳಿಸುವ ಮುಂಚೆ ತಮ್ಮನಿಗೆ ಓದಲು ಕೊಡುತ್ತೇನೆ

ನಾನು ಮೈಸೂರಿನಲ್ಲಿ ಮನೆಯಿಂದಲೇ ಪುಟ ವಿನ್ಯಾಸದ ಕೆಲಸ ಮಾಡುತ್ತೇನೆ. ಪುಸ್ತಕ, ಕ್ಯಾಟಲಾಗ್, ಸಂಘಗಳ ಸ್ಮರಣ ಸಂಚಿಕೆ, ಇಂಥವು. ಅಕ್ಷರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ನನ್ನ ಕೊಟೇಶನ್ನಿನ ತಪ್ಪು ಮಾತ್ರ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. 2025ರಲ್ಲಿ ಒಂದೇ ಕೆಲಸದಲ್ಲಿ ನಾಲ್ಕು ಸಲ ಎಡವಿದೆ.

ಬೆಂಗಳೂರಿನ ಒಂದು ಕಂಪನಿಗೆ 64 ಪುಟದ ಕ್ಯಾಟಲಾಗ್. ಪುಟಕ್ಕೆ 900 ರೂಪಾಯಿಯಂತೆ 57,600. ಮುಖಪುಟಕ್ಕೆ 8,400. ಎರಡೂ ಸೇರಿ 66,000. ಆಮೇಲೆ ಅವರು ಫೋನ್ ಮಾಡಿ, 40 ಫೋಟೋ ಸ್ವಲ್ಪ ಸರಿ ಮಾಡಿಕೊಡಿ ಅಂದರು. ಒಂದಕ್ಕೆ 150ರಂತೆ 6,000 ಸೇರಿಸಿ ಎಕ್ಸೆಲ್‌ನಲ್ಲಿ ಒಂದು ಸಾಲು ಹಾಕಿದೆ. ಕೆಳಗಿನ ಮೊತ್ತ ತಾನೇ ಬದಲಾಗುತ್ತದೆ ಅಂದುಕೊಂಡೆ. ಬದಲಾಗಿರಲಿಲ್ಲ. ಅಲ್ಲಿದ್ದ ಸೂತ್ರ ಇದು:

```
=SUM(D2:D3)
```

ಹೊಸ ಸಾಲು D4ರಲ್ಲಿತ್ತು, ಸೂತ್ರ D3ಕ್ಕೇ ನಿಂತಿತ್ತು. ಅಂಕಿಯಲ್ಲಿ 66,000 ಉಳಿಯಿತು. ಅದರ ಕೆಳಗೆ ಅಕ್ಷರದಲ್ಲಿ ನಾನೇ ಟೈಪ್ ಮಾಡಿದ್ದು ಎಪ್ಪತ್ತೆರಡು ಸಾವಿರ. ಎರಡು ದಿನ ಬಿಟ್ಟು ಅವರ ಆಫೀಸಿನಿಂದ ಫೋನ್: "ಮೇಡಂ, ಇದರಲ್ಲಿ ಯಾವುದನ್ನ ಹಿಡ್ಕೊಳ್ಳೋದು?" ಒಳ್ಳೆಯವರು, ಕೇಳಿದರು. ಕೇಳದೆ 66,000ಕ್ಕೆ ಆರ್ಡರ್ ಕಳಿಸಿದ್ದರೆ ಉಳಿದ 6,000ಕ್ಕೆ ನಾನು ಬಾಯಿಬಿಡುವ ಹಾಗಿರಲಿಲ್ಲ. ಆವತ್ತಿನಿಂದ ಸಾಲು ಸಾಲಾಗಿ ಕ್ಯಾಲ್ಕುಲೇಟರ್‌ನಲ್ಲಿ ಕೂಡುತ್ತೇನೆ. ಸೂತ್ರ ಕೊಟ್ಟ ಉತ್ತರವನ್ನು ನೋಡದೆ ಕೂಡಬೇಕು. ನೋಡಿಬಿಟ್ಟರೆ ಮನಸ್ಸು ಅದೇ ಉತ್ತರಕ್ಕೆ ಹೋಗಿ ಕೂರುತ್ತದೆ.

ಮೊತ್ತ ಸರಿಹೋದ ಮೇಲೂ ಇನ್ನೊಂದು ತಕರಾರು ಬಂತು. ಎಲ್ಲಿಂದಲೋ ತಂದ ಹಳೇ ನಮೂನೆಯಲ್ಲಿ "ತೆರಿಗೆ ಪ್ರತ್ಯೇಕ" ಅಂತ ಒಂದು ಸಾಲು ಇತ್ತು. ನನ್ನದು ಜಿಎಸ್‌ಟಿ ನೋಂದಣಿ ಇಲ್ಲ, ವರ್ಷದ ವಹಿವಾಟು 20 ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಹಾಕುವಂತಿಲ್ಲ. ಆದರೆ ಆ ಸಾಲನ್ನು ಓದಿದ ಕಂಪನಿಯವರು ಶೇ. 18 ಸೇರಿಸಿ 84,960 ಅಂತ ಲೆಕ್ಕ ಹಾಕಿ, ನನ್ನ ಜಿಎಸ್‌ಟಿ ನಂಬರ್ ಕೇಳಿದರು. ಸುಮ್ನೆ ಚೆಂದಕ್ಕೆ ಬಿಟ್ಟಿದ್ದ ಸಾಲು ಒಂದು ವಾರ ತಿಂದಿತು. ಈಗ ಅಲ್ಲಿ ಹೀಗೆ ಬರೆಯುತ್ತೇನೆ: "ಒಟ್ಟು 72,000 ರೂಪಾಯಿ. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಆದ್ದರಿಂದ ಜಿಎಸ್‌ಟಿ ಸೇರುವುದಿಲ್ಲ. ಟಿಡಿಎಸ್ ಹಿಡಿಯುವುದಾದರೆ ಈ ಮೊತ್ತದೊಳಗೇ."

ಟಿಡಿಎಸ್ ಮಾತು ಯಾಕೆ ಬಂತು ಅಂದರೆ, ಅದರಲ್ಲೂ ನಾನು ಮುಗ್ಗರಿಸಿದ್ದೆ. ಅರ್ಧ ಮುಂಗಡ ಅಂದರೆ 36,000 ಬರಬೇಕಿತ್ತು. ಬ್ಯಾಂಕಿಗೆ ಬಂದದ್ದು 32,400. ಶೇ. 10ರಂತೆ 3,600 ಟಿಡಿಎಸ್ ಹಿಡಿದಿದ್ದರು. ಕೊನೆಯ ಬಿಲ್ ಮಾಡುವಾಗ ನಾನು ಪಾಸ್‌ಬುಕ್ ನೋಡಿಕೊಂಡು "ಬಂದ ಮುಂಗಡ 32,400, ಬಾಕಿ 39,600" ಅಂತ ಬರೆದೆ. ಬಿಲ್ ವಾಪಸ್ ಬಂತು. ಅಲ್ಲಿನ ಅಕೌಂಟ್ಸ್ ಹುಡುಗ ಹೇಳಿದ: "ಮೇಡಂ, ಆ 3,600 ನಿಮ್ಮ ಪ್ಯಾನ್ ಮೇಲೆ ಸರ್ಕಾರಕ್ಕೆ ಕಟ್ಟಿದ್ದೀವಿ. ಅದನ್ನ ಮತ್ತೆ ನಮ್ಮ ಹತ್ರ ಕೇಳ್ತಿದ್ದೀರಲ್ಲ!" ಸರಿಯೇ. ಆ ದುಡ್ಡು ಆದಾಯ ತೆರಿಗೆ ಇಲಾಖೆಯ 26ಎಎಸ್‌ನಲ್ಲಿ ನನ್ನ ಹೆಸರಿಗೇ ಕಾಣುತ್ತದೆ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಈಗ ಬಿಲ್‌ನಲ್ಲಿ ಬರೆಯುವುದು: "ಮುಂಗಡ 36,000 (ಬ್ಯಾಂಕಿಗೆ 32,400, ಟಿಡಿಎಸ್ 3,600). ಬಾಕಿ 36,000." ಬಾಕಿಯನ್ನು ಪೂರ್ತಿ ಮೊತ್ತದ ಮೇಲೆ ತೆಗೆಯಬೇಕು, ಕೈಗೆ ಬಂದದ್ದರ ಮೇಲಲ್ಲ.

ಇಷ್ಟೆಲ್ಲ ಆದರೂ ಆ ಬಾಕಿ ಬರಲು ತಿಂಗಳುಗಳೇ ಹಿಡಿದವು. ಇದು ನಾಲ್ಕನೇ ಎಡವು. ಕೊಟೇಶನ್ನಿನಲ್ಲಿ ಇದ್ದದ್ದು "ಉಳಿದ ಶೇ. 50 ಕೆಲಸ ಮುಗಿದ ಮೇಲೆ." ನನ್ನ ಪಾಲಿಗೆ ಕೆಲಸ ಮುಗಿದದ್ದು ಕೊನೆಯ ಪಿಡಿಎಫ್ ಕಳಿಸಿದ ದಿನ, ಅಂದರೆ 4 ಆಗಸ್ಟ್. ಅವರ ಪಾಲಿಗೆ ಕ್ಯಾಟಲಾಗ್ ಪ್ರಿಂಟ್ ಆಗಿ ಕೈಗೆ ಬಂದಾಗ. ಅವರು ಪ್ರಿಂಟಿಗೆ ಕೊಟ್ಟದ್ದೇ ಅಕ್ಟೋಬರ್‌ನಲ್ಲಿ. ಜಗಳ ಆಡೋಣ ಅಂದರೆ ಬರೆದ ಮಾತು ಅವರ ಪರವೂ ಇತ್ತು, ನನ್ನ ಪರವೂ ಇತ್ತು.

ಹಾಗಾಗಿ ಈಗ ನಾನೊಬ್ಬಳೇ ತೋರಿಸಬಲ್ಲ ಒಂದು ಘಟನೆಗೆ ಗಡುವನ್ನು ಕಟ್ಟುತ್ತೇನೆ. "ಕೊನೆಯ ಪಿಡಿಎಫ್ ಇಮೇಲ್ ಮಾಡಿದ ದಿನದಿಂದ 15 ದಿನದೊಳಗೆ." ಬರೀ "15 ದಿನದೊಳಗೆ" ಅಂದರೆ ಸಾಲದು. ಬಿಲ್ ತಾರೀಖಿನಿಂದಲೋ, ಬಿಲ್ ಅವರ ಕೈ ಸೇರಿದ ದಿನದಿಂದಲೋ, ಅವರು ಕಂಪ್ಯೂಟರ್‌ಗೆ ಹತ್ತಿಸಿದ ದಿನದಿಂದಲೋ? ಒಬ್ಬೊಬ್ಬರು ಒಂದೊಂದರಿಂದ ಎಣಿಸುತ್ತಾರೆ. ಬಿಲ್ ಮಾಡುವಾಗ ನಾನೇ ಎಣಿಸಿ ಕೊನೇ ದಿನವನ್ನೂ ಬರೆದುಬಿಡುತ್ತೇನೆ. 4 ಆಗಸ್ಟ್‌ಗೆ ಪಿಡಿಎಫ್ ಹೋಗಿದ್ದರೆ, "19 ಆಗಸ್ಟ್ 2025, ಮಂಗಳವಾರದೊಳಗೆ." ಇದರ ಜೊತೆಗೆ ಇನ್ನೊಂದು ಸಾಲು: "7 ದಿನದಲ್ಲಿ ತಿದ್ದುಪಡಿ ಬರೆದು ತಿಳಿಸದಿದ್ದರೆ ಕೆಲಸ ಒಪ್ಪಿಗೆಯಾದಂತೆ." ಇದಿಲ್ಲದಿದ್ದರೆ "ನಮ್ಮ ಎಂಡಿ ಇನ್ನೂ ನೋಡಿಲ್ಲ" ಅನ್ನುವುದಕ್ಕೆ ಕೊನೆಯೇ ಇರುವುದಿಲ್ಲ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಉದ್ಯಮ್ ನೋಂದಣಿ ಮಾಡಿಸಿಕೊಂಡವರಿಗೆ ಎಂಎಸ್‌ಎಂಇ ಕಾಯ್ದೆಯ ಆಸರೆಯೂ ಉಂಟು. ಕೆಲಸ ಒಪ್ಪಿಗೆಯಾಗಿ 45 ದಿನಕ್ಕಿಂತ ಜಾಸ್ತಿ ಗಡುವನ್ನು ಒಪ್ಪಂದದಲ್ಲೂ ಇಟ್ಟುಕೊಳ್ಳುವಂತಿಲ್ಲ.

ಇನ್ನು ತಾರೀಖು. ಇದರ ಪಾಠ ಆದದ್ದು ಅದೇ ವರ್ಷ ಅಮೆರಿಕದ ಒಂದು ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಯಲ್ಲಿ. ಕೊಟೇಶನ್ನಿನಲ್ಲಿ ಹೀಗೆ ಬರೆದಿದ್ದೆ: ಲೇಖನಗಳು ನನಗೆ ಸೇರಬೇಕಾದದ್ದು 08/09/2025, ನಾನು ಪಿಡಿಎಫ್ ಕೊಡುವುದು 10/10/2025. ನನ್ನ ಲೆಕ್ಕ 8 ಸೆಪ್ಟೆಂಬರ್. ಅಲ್ಲಿ ತಿಂಗಳು ಮೊದಲು ಬರೆಯುತ್ತಾರಲ್ವಾ, ಅವರು ಓದಿದ್ದು 9 ಆಗಸ್ಟ್. ಪಾಪ, ಕಾರ್ಯದರ್ಶಿ ಎಲ್ಲರ ಬೆನ್ನು ಹತ್ತಿ ಅರ್ಧಂಬರ್ಧ ಲೇಖನಗಳನ್ನೇ ಆಗಸ್ಟ್‌ನಲ್ಲಿ ಕಳಿಸಿದರು. ಹತ್ತು ದಿನ ಬಿಟ್ಟು "ಮೇಡಂ, ನೀವಿನ್ನೂ ಶುರುವೇ ಮಾಡಿಲ್ವಾ?" ಅಂತ ಮೆಸೇಜು. ನಾನು ಬೇರೆ ಕೆಲಸದಲ್ಲಿ ಮುಳುಗಿದ್ದೆ. 10/10 ಎರಡು ಕಡೆಯೂ ಒಂದೇ ಥರ ಓದಿಸಿಕೊಳ್ಳುವ ತಾರೀಖು. ಅದು ಸರಿ ಇದ್ದದ್ದರಿಂದ ಮೊದಲನೆಯದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ದಿನ 12ನ್ನು ದಾಟಿದ್ದರೆ, ಉದಾಹರಣೆಗೆ 18/09 ಆಗಿದ್ದರೆ, ಅವರೇ ಕೇಳುತ್ತಿದ್ದರು.

ಈಗ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ, ಜೊತೆಗೆ ವಾರ: "8 ಸೆಪ್ಟೆಂಬರ್ 2025, ಸೋಮವಾರ, ಭಾರತದ ಸಂಜೆ 6 ಗಂಟೆ." ವಾರ ಬರೆಯುವುದರಿಂದ ನನಗೂ ಲಾಭ. ಹಳೇ ಬಿಲ್ಲನ್ನು ನಕಲು ಮಾಡಿ ವರ್ಷವನ್ನಷ್ಟೇ ಬದಲಿಸಿದ್ದರೆ, ಕ್ಯಾಲೆಂಡರ್ ಜೊತೆ ವಾರ ತಾಳೆಯಾಗುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ. "ಈ ದರ 30 ದಿನಕ್ಕೆ ಮಾತ್ರ" ಅನ್ನುವುದನ್ನೂ ಬಿಟ್ಟೆ. "30 ಆಗಸ್ಟ್ 2025ರವರೆಗೆ" ಅಂತ ನೇರವಾಗಿ ತಾರೀಖು ಹಾಕುತ್ತೇನೆ.

ಕೊನೆಗೆ ಬಿಲ್ ತಮ್ಮನ ಕೈಗೆ ಹೋಗುತ್ತದೆ. ಅವನದು ಹಾರ್ಡ್‌ವೇರ್ ಅಂಗಡಿ, ವಿನ್ಯಾಸ ಗಿನ್ಯಾಸ ಅವನಿಗೆ ಬೇಡ. ಅದೇ ಒಳ್ಳೆಯದು. ಫೋನಿನಲ್ಲಿ ಏನು ಮಾತಾಯಿತು ಅನ್ನುವುದು ಅವನಿಗೆ ಗೊತ್ತಿಲ್ಲ, ಅಕೌಂಟ್ಸ್‌ನವರಿಗೂ ಗೊತ್ತಿರುವುದಿಲ್ಲ. ಅವನು ಓದಿ ಎಷ್ಟು ದುಡ್ಡು, ಯಾವ ದಿನದೊಳಗೆ, ಏನಾದ ಮೇಲೆ ಅನ್ನುವ ಮೂರನ್ನೂ ನನಗೇ ಹೇಳಬೇಕು. ನಾನು ಬಾಯಿ ತೆರೆಯುವಂತಿಲ್ಲ. ಹೋದ ವಾರ ಓದುತ್ತಾ ನಿಲ್ಲಿಸಿ ಕೇಳಿದ: "ಅಕ್ಕ, 'ಎರಡು ಸಲ ತಿದ್ದುಪಡಿ ಉಚಿತ' ಅಂದಿದ್ದೀಯಲ್ಲ, ಮೂರನೇ ಸಲಕ್ಕೆ ಎಷ್ಟು?" ಪುಟಕ್ಕೆ 150 ಅಂತ ಮನಸ್ಸಿನಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಸೇರಿಸಿ ಕಳಿಸಿದೆ.